ಲೇಬಲ್ಲು ಕೀಳದ ಡಬ್ಬಗಳು

ಅಣ್ಣನ ಫೋಟೊ ಬಂದಾಗ ಅಂಗಡಿಯಕ್ಕ ಸಕ್ಕರೆ ಮೂಟೆಯ ಹೊಲಿಗೆ ಬಿಚ್ಚುತ್ತಿದ್ದಳು. ಮೂಟೆಯ ದಾರವನ್ನು ಸರಿಯಾದ ತುದಿಯಿಂದ ಎಳೆದರೆ ಒಂದೇ ಎಳೆತಕ್ಕೆ ಸರ್ರನೆ ಬಿಚ್ಚಿಕೊಳ್ಳುತ್ತದೆ, ತಪ್ಪು ತುದಿಯಿಂದ ಎಳೆದರೆ ಬೆಳಗ್ಗೆಯೆಲ್ಲ ಅದರ ಜೊತೆ ಜಗಳ. ಇಷ್ಟು ವರ್ಷ ಅಂಗಡಿ ನಡೆಸಿದರೂ ಸರಿಯಾದ ತುದಿ ಯಾವುದೆಂದು ಅವಳಿಗೆ ಪ್ರತಿ ಸಲವೂ ಅನುಮಾನವೇ. ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಅವಳು ಫೋನು ತೆಗೆದು ನೋಡಿದಳು.

ಫೋಟೊದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ. ಮುಚ್ಚಳ ತೆಗೆದು ಪಕ್ಕಕ್ಕಿಟ್ಟಿದೆ. ಲೇಬಲ್ಲಿನ ಮೇಲೆ ಹಸುವಿನ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ 'ಶುದ್ಧ ತುಪ್ಪ'. ಒಳಗೆ ಮುಕ್ಕಾಲು ಡಬ್ಬ ಏನೋ ಗಟ್ಟಿಯಾಗಿ ಕೂತಿದೆ, ಮೇಲೆ ಒಂದು ಚಮಚ ತೆಗೆದ ಗುಳಿ. ಜೊತೆಗೆ ಅಣ್ಣನ ದನಿಯ ಸಂದೇಶ, ಎರಡೇ ಮಾತು: "ಇದು ತುಪ್ಪಾನಾ ನೋಡಿ ಹೇಳು."

ಅವಳಿಗೆ ನಗು ಬಂತು. ಡಬ್ಬದ ಮೇಲೆ ಅಷ್ಟು ದಪ್ಪಕ್ಕೆ ಬರೆದಿದೆ, ಓದಲಿಕ್ಕೂ ತಂಗಿಯೇ ಬೇಕೆ? ಲಾರಿ ಗ್ಯಾರೇಜು ನಡೆಸುವ ಅಣ್ಣನಿಗೆ ಎಂಜಿನಿನ ಕಾಯಿಲೆಯನ್ನು ಸದ್ದು ಕೇಳಿಯೇ ಗುರುತು ಹಿಡಿಯಲು ಬರುತ್ತದೆ. ಅಡುಗೆಮನೆಯಲ್ಲಿ ಮಾತ್ರ ಉಪ್ಪಿಗೂ ಸಕ್ಕರೆಗೂ ವ್ಯತ್ಯಾಸ ತಿಳಿಯಲು ನಾಲಿಗೆ ತಾಗಿಸಬೇಕು. ಅತ್ತಿಗೆ ಇದ್ದಷ್ಟು ದಿನ ಅವನು ಒಮ್ಮೆಯೂ ಒಲೆ ಹಚ್ಚಿದವನಲ್ಲ. ಚಳಿ ಶುರುವಾಗುವ ಹೊತ್ತಿಗೆ ಅತ್ತಿಗೆ ತೀರಿಹೋದರು. ಈಗ ಚಳಿ ಜೋರಾಗಿದೆ, ಅಣ್ಣ ಒಬ್ಬನೇ ಅನ್ನ ಬೇಯಿಸಿಕೊಳ್ಳುವುದನ್ನು ಕಲಿತಿದ್ದಾನೆ.

ನಗುತ್ತಲೇ ಅವಳು ಫೋನು ಮಾಡಿದಳು. "ಏನಣ್ಣಾ, ಕನ್ನಡಕ ಎಲ್ಲಿಟ್ಟೆ?"

ಆ ಕಡೆ ನಗುವಿರಲಿಲ್ಲ. "ಲೇಬಲ್ ಓದಿದ್ದೀನಿ ಕಣೇ. ತುಪ್ಪ ಅಂತಲೇ ಇದೆ. ಆದ್ರೆ ತಿಂದ್ರೆ ತುಪ್ಪ ಅನ್ನಿಸ್ತಿಲ್ಲ."

"ಅಂದ್ರೆ?"

"ಅವಳು ಆಸ್ಪತ್ರೇಲಿ ಹೇಳಿದ್ಲಲ್ಲ, ತುಪ್ಪ ಕಾಸಿಟ್ಟಿದ್ದೀನಿ, ತಿನ್ನಿ ಅಂತ. ನಾನು ತೆಗೀಲೇ ಇಲ್ಲ. ತೆಗೆದ್ರೆ ಮುಗಿದು ಹೋಗುತ್ತಲ್ಲ ಅಂತ ಹಾಗೇ ಇಟ್ಟಿದ್ದೆ. ಇವತ್ತು ಯಾಕೋ ತಡ್ಕೊಳ್ಳೋಕಾಗ್ಲಿಲ್ಲ. ಬಿಸಿ ಅನ್ನ ಮಾಡಿ ಒಂದು ಚಮಚ ಹಾಕ್ಕೊಂಡೆ. ವಾಸನೆ ಇಲ್ಲ, ರುಚಿ ಇಲ್ಲ. ಬಾಯಿ ಮೇಲ್ಗಡೆ ಮೇಣದ ಹಾಗೆ ಅಂಟ್ಕೊಳ್ತು." ಅವನು ಮತ್ತೆ ಅಂದ, "ನನ್ನ ನಾಲಿಗೆ ಸತ್ತಿದೆಯಾ, ಇಲ್ಲಾ ಇಟ್ಟೂ ಇಟ್ಟೂ ಅವಳ ತುಪ್ಪಾನ ನಾನೇ ಕೆಡಿಸಿದ್ನಾ? ಅದು ಬಿಟ್ರೆ ಅವಳ ಕೈಯಿಂದ ಆಗಿದ್ದು ತಿನ್ನೋಕೆ ಮನೇಲಿ ಇನ್ನೇನೂ ಇಲ್ಲ."

ಅಂಗಡಿಯಕ್ಕ ಕೈಯಲ್ಲಿದ್ದ ದಾರ ಬಿಟ್ಟು ಸ್ಟೂಲಿನ ಮೇಲೆ ಕೂತಳು. ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಅತ್ತಿಗೆಯ ತುಪ್ಪ ಎಂದರೆ ಅವಳಿಗೂ ಬಾಯಲ್ಲಿ ನೀರೂರುತ್ತಿತ್ತು. ದಿನವೂ ಹಾಲಿನ ಕೆನೆ ತೆಗೆದಿಟ್ಟು, ಕಡೆದು, ಬೆಣ್ಣೆ ಮಾಡಿ, ಸಣ್ಣ ಉರಿಯಲ್ಲಿ ಕಾಸುವಾಗ ಅವರು ಒಲೆಯ ಮುಂದಿನಿಂದ ಕದಲುತ್ತಿರಲಿಲ್ಲ. ಬೆಣ್ಣೆಯ ನೀರು ಹೋಗಿ ಸದ್ದು ಅಡಗಬೇಕು, ತಳದ ಗಸಿ ಹೊಂಬಣ್ಣಕ್ಕೆ ಬರಬೇಕು, ಆ ಕ್ಷಣಕ್ಕೆ ಇಳಿಸಬೇಕು. ಮನೆಗೆ ಬೆಂಕಿ ಬಿದ್ದರೂ ತುಪ್ಪ ಇಳಿಸಿಯೇ ಹೊರಗೆ ಓಡುವ ಪೈಕಿ ಅತ್ತಿಗೆ ಎಂದು ಅಣ್ಣ ಗೇಲಿ ಮಾಡುತ್ತಿದ್ದ. ಗೇಲಿ ಮಾಡಿದವನೇ ಅಡುಗೆಮನೆಗೆ ಕಳ್ಳಹೆಜ್ಜೆಯಲ್ಲಿ ಹೋಗಿ ಚಮಚಗಟ್ಟಲೆ ಬರೀ ತುಪ್ಪ ತಿನ್ನುತ್ತಿದ್ದ. ರಕ್ತ ಪರೀಕ್ಷೆ ಮಾಡಿ ಡಾಕ್ಟರು ಬೈದ ಮೇಲೂ ಆ ಚಾಳಿ ಬಿಡಲಿಲ್ಲ.

"ಅಣ್ಣಾ, ಯಾವ ಬೆಳಕಲ್ಲಿ ಫೋಟೊ ತೆಗೆದೆ?"

"ಅಡುಗೆಮನೆ ಬಲ್ಬು."

"ಆ ಹಳೇ ಹಳದಿ ಬಲ್ಬಾ? ಅದರ ಕೆಳಗೆ ಸುಣ್ಣ ಇಟ್ರೂ ತುಪ್ಪದ ಬಣ್ಣಾನೇ ಕಾಣುತ್ತೆ. ಡಬ್ಬ ತಗೊಂಡು ಕಿಟಕಿ ಹತ್ರ ಹೋಗು. ಪಕ್ಕದಲ್ಲಿ ಒಂದು ಬಿಳೀ ಹಾಳೆ ಇಡು. ಹಾಳೆ ಬಿಳಿಯಾಗಿ ಕಾಣ್ಬೇಕು, ಆಗ ಡಬ್ಬದಲ್ಲಿರೋದರ ನಿಜವಾದ ಬಣ್ಣ ಗೊತ್ತಾಗೋದು. ಹಾಗೇ ಚಮಚದಿಂದ ಒಂದು ಕಡೆ ಕತ್ತರಿಸಿ, ಹತ್ತಿರದಿಂದ ತೆಗಿ."

ಅಣ್ಣ ಹೇಳಿದಂತೆ ಮಾಡಿದ. ಎಂಜಿನಿನ ಮುಂದೆ ಅವನು ಯಾರ ಮಾತೂ ಕೇಳದವನು, ಡಬ್ಬದ ಮುಂದೆ ಶಾಲೆಯ ಹುಡುಗನಂತಾಗಿದ್ದ. ಎರಡನೆಯ ಫೋಟೊ ಬಂತು. ಅಂಗಡಿಯಕ್ಕ ಬೆರಳುಗಳಿಂದ ಅದನ್ನು ದೊಡ್ಡದು ಮಾಡಿದಳು. ಕಿಟಕಿಯ ಬೆಳಕಲ್ಲಿ ಹಳದಿಯೆಲ್ಲ ಹಾರಿಹೋಗಿತ್ತು. ಹಾಳೆ ಎಷ್ಟು ಬಿಳಿಯೋ ಒಳಗಿನದೂ ಹೆಚ್ಚುಕಡಿಮೆ ಅಷ್ಟೇ ಬಿಳಿ. ಚಮಚ ಕತ್ತರಿಸಿದ ಜಾಗ ನುಣ್ಣಗೆ, ಅಂಚು ಚೂಪಾಗಿ ನಿಂತಿತ್ತು. ಎಲ್ಲೂ ಹರಳಿಲ್ಲ, ತಳದಲ್ಲಿ ಗಸಿಯಿಲ್ಲ.

"ಬಿಳಿ ಇದೆಯಲ್ಲ ಅಣ್ಣಾ."

"ತುಪ್ಪ ಬಿಳಿ ಇರೋದಿಲ್ವಾ?"

"ಎಮ್ಮೆ ಹಾಲಿಂದಾದ್ರೆ ಬಿಳಿಯಾಗೇ ಇರುತ್ತೆ. ಆದ್ರೆ ಅತ್ತಿಗೆ ತರ್ತಿದ್ದಿದ್ದು ಹಸುವಿನ ಹಾಲು. ಅವರ ತುಪ್ಪ ಯಾವತ್ತೂ ಹಳದಿ. ಒಂದು ಕೆಲ್ಸ ಮಾಡು, ಕಡ್ಲೆಕಾಳಷ್ಟು ತಗೊಂಡು ಅಂಗೈಲಿಟ್ಟು ಉಜ್ಜು. ಎಷ್ಟು ಬೇಗ ಕರಗುತ್ತೆ ನೋಡು, ಆಮೇಲೆ ಮೂಸು."

ಫೋನಿನ ಆ ಕಡೆ ಉಜ್ಜುವ ಸದ್ದು. ಅಣ್ಣನ ಅಂಗೈ ಎಂದರೆ ಉಪ್ಪುಕಾಗದ, ಸದ್ದು ಕೇಳಿಸದಿರಲು ಸಾಧ್ಯವೇ ಇಲ್ಲ.

"ನಿಧಾನ ಕರಗ್ತಿದೆ. ಜಿಡ್ಡು ಜಿಡ್ಡು. ವಾಸನೆ ಏನೂ ಇಲ್ಲ."

"ನಿನ್ನ ನಾಲಿಗೆ ಸತ್ತಿಲ್ಲ. ತುಪ್ಪ ಕೆಟ್ಟೂ ಇಲ್ಲ, ಯಾಕಂದ್ರೆ ಅದು ತುಪ್ಪಾನೇ ಅಲ್ಲ. ವನಸ್ಪತಿ ಅದು."

"ಮತ್ತೆ ಲೇಬಲ್ಲು? ಪದಾರ್ಥ ಅಂತ ಬರೆದಿರೋ ಕಡೆ ಹಾಲಿನ ಕೊಬ್ಬು ಅಂತಿದೆ. ಬೇರೇನೂ ಇಲ್ಲ."

"ಲೇಬಲ್ಲು ಕಾರ್ಖಾನೇಲಿ ಏನು ತುಂಬಿದ್ರು ಅಂತ ಹೇಳುತ್ತೆ. ಅತ್ತಿಗೆ ಏನು ತುಂಬಿದ್ರು ಅಂತ ಹೇಳುತ್ತಾ?"

ಹೇಳಿದ ಮೇಲೆ ಅವಳಿಗೇ ಆ ಮಾತು ಚುರುಕ್ಕೆಂದಿತು. ಅತ್ತಿಗೆ ಡಬ್ಬ ಎಸೆಯುವವರಲ್ಲ ಎಂಬುದು ಅಣ್ಣನಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅತ್ತಿಗೆ ಬಂದು ಇದೇ ಸಕ್ಕರೆ ಮೂಟೆಯ ಮೇಲೆ ಕೂತು ಹರಟುತ್ತಿದ್ದರು. ಅವರಿಗೆ ಲೇಬಲ್ ಓದುವ ಹುಚ್ಚು. ಕತೆ ಪುಸ್ತಕ ಓದುವವರ ಹಾಗೆ ಡಬ್ಬವನ್ನು ತಿರುಗಿಸಿ ತಿರುಗಿಸಿ ಸಣ್ಣಕ್ಷರವನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. ವನಸ್ಪತಿ ಡಬ್ಬದ ಮೇಲೆ 'ಹೈಡ್ರೋಜನೀಕೃತ ಸಸ್ಯಜನ್ಯ ಎಣ್ಣೆ' ಎಂಬಲ್ಲಿಗೆ ಬಂದಾಗ ನಾಲಿಗೆ ತೊಡರಿ ನಗು. "ಎಣ್ಣೆಗೆ ಇಷ್ಟು ದೊಡ್ಡ ಹೆಸರಿಟ್ರೆ ಅದು ಹೆದರಿ ಗಟ್ಟಿಯಾಗದೆ ಇನ್ನೇನು ಮಾಡುತ್ತೆ?" ಎನ್ನುವರು. ರಿಫೈನ್ಡ್ ಎಣ್ಣೆಯ ಡಬ್ಬದ ಮೇಲಿನ 'ಕೊಲೆಸ್ಟ್ರಾಲ್ ಇಲ್ಲ' ಎಂಬುದನ್ನು ಓದಿ, "ಗಿಡದ ಎಣ್ಣೇಲಿ ಅದು ಎಲ್ಲಿಂದ ಬರ್ಬೇಕು? ಇಲ್ಲದೇ ಇರೋದನ್ನ ಇಲ್ಲ ಅಂತ ಹೇಳ್ಕೊಂಡು ಮೂಗಿಗೆ ತುಪ್ಪ ಸವರ್ತಾರೆ ನೋಡಿ" ಎಂದು ಮೂಗು ಮುರಿಯುವರು.

ಖಾಲಿ ಡಬ್ಬವನ್ನು ತೊಳೆಯುವಾಗ ಮಾತ್ರ ಲೇಬಲ್ಲು ಕೀಳುತ್ತಿರಲಿಲ್ಲ. ಚಂದದ ಚಿತ್ರ, ಇರಲಿ ಬಿಡಿ ಎನ್ನುವರು. ಹೀಗಾಗಿ ಅವರ ಅಡುಗೆಮನೆಯಲ್ಲಿ ಬಿಸ್ಕತ್ತಿನ ಡಬ್ಬದಲ್ಲಿ ಸೂಜಿದಾರ, ಕಾಫಿಪುಡಿ ಡಬ್ಬದಲ್ಲಿ ಜೀರಿಗೆ. ಅತ್ತಿಗೆಗೆ ಮಾತ್ರ ಎಲ್ಲವೂ ಬಾಯಿಪಾಠ. ಅಂಗಡಿಯಕ್ಕನ ಬಾಲ್ಯದ ಕಾಲವೇ ಬೇರೆ. ಆಗ ವನಸ್ಪತಿ ದೊಡ್ಡ ತಗಡಿನ ಡಬ್ಬದಲ್ಲಿ ಬರುತ್ತಿತ್ತು, ಅಂಗಡಿಯವರು ಕಡ್ಡಿಯಿಂದ ತೋಡಿ ಕಾಗದದಲ್ಲಿ ಕಟ್ಟಿಕೊಡುತ್ತಿದ್ದರು. ಖಾಲಿ ತಗಡಿಗೆ ಹಿಡಿ ಬೆಸೆದರೆ ಬಕೆಟ್ಟು, ಮಣ್ಣು ತುಂಬಿದರೆ ಹೂಕುಂಡ, ಬೋರಲು ಹಾಕಿದರೆ ಸ್ಟೂಲು. ಅಂಥದ್ದೊಂದರ ಮೇಲೆ ಹತ್ತಿ ನಿಂತು ಅವಳೂ ಅಣ್ಣನೂ ಗೋಡೆಯಾಚೆಯ ಬೀದಿಯನ್ನು ನೋಡುತ್ತಿದ್ದರು. ತಗಡು ಹೋಗಿ ಪ್ಲಾಸ್ಟಿಕ್ ಬಂದ ಮೇಲೂ ಆ ಬುದ್ಧಿಯನ್ನು ಬಿಡದೆ ಉಳಿಸಿಕೊಂಡವರು ಅತ್ತಿಗೆ ಒಬ್ಬರೇ.

"ಹಾಗಾದ್ರೆ ಅವಳ ತುಪ್ಪ ಎಲ್ಲಿ?" ಅಣ್ಣ ಕೇಳಿದ. "ಎಣ್ಣೆ ಡಬ್ಬ ಒಂದಿದೆ. ಸೂರ್ಯಕಾಂತಿ ಚಿತ್ರ ಇರೋದು. ಅದರಲ್ಲಿರೋದು ಹಳದಿ ಇದೆ. ಅದೇನಾ? ಕರಗಿರೋ ತುಪ್ಪ?"

ಅವನ ದನಿಯಲ್ಲಿ ಆಸೆ ಇತ್ತು. ಆ ಫೋಟೊವೂ ಬಂತು. ಅಂಗಡಿಯಕ್ಕನಿಗೆ ಸುಳ್ಳು ಹೇಳುವ ಮನಸ್ಸಾಯಿತು. ಆದರೆ ನಾಳೆ ಅನ್ನಕ್ಕೆ ಹಾಕಿಕೊಂಡರೆ ತಿಳಿದೇ ತಿಳಿಯುತ್ತದೆ.

"ಇಲ್ಲಣ್ಣಾ. ಇವತ್ತು ಬೆಳಗ್ಗೆ ನನ್ನ ಅಂಗಡೀಲಿ ತೆಂಗಿನೆಣ್ಣೆ ಕಲ್ಲಾಗಿದೆ. ಈ ಚಳಿಗೆ ತುಪ್ಪ ನೀರಿನ ಹಾಗೆ ನಿಲ್ಲುತ್ತಾ? ನೋಡು, ಎಣ್ಣೆ ಮೂಲಕ ಡಬ್ಬದ ತಳದ ಗೀರು ಕೂಡ ಕಾಣ್ತಿದೆ, ಅಷ್ಟು ತಿಳಿ. ಅದು ರಿಫೈನ್ಡ್ ಎಣ್ಣೇನೇ. ಅದೊಂದು ಡಬ್ಬದಲ್ಲಿ ಮಾತ್ರ ಮೇಲೆ ಬರೆದಿದ್ದೂ ಒಳಗಿದ್ದೂ ಒಂದೇ."

"ಹಾಂ."

ಅತ್ತಿಗೆ ಇಲ್ಲದ್ದನ್ನು ಇದೆ ಎಂದು ಹೇಳುವವರಲ್ಲ. ಹಾಗಾದರೆ ತುಪ್ಪ ಎಲ್ಲಿ ಹೋಯಿತು?

"ಅಣ್ಣಾ, ಅಲ್ಲಿ ಮೂರು ಡಬ್ಬ ಇದ್ವಲ್ಲ? ಹಿಂದೆ ನೀನೇ ಫೋಟೊ ಕಳಿಸಿದ್ದೆ."

ಅತ್ತಿಗೆ ಹೋದ ಹೊಸದರಲ್ಲಿ ಅವನು ಅಡುಗೆಮನೆ ಚೊಕ್ಕಟ ಮಾಡುತ್ತೇನೆಂದು ಹೊರಟು, ಕಟ್ಟೆಯ ಮೇಲಿನ ಮೂರು ಡಬ್ಬಗಳ ಮುಚ್ಚಳ ತೆಗೆದು ಸಾಲಾಗಿಟ್ಟು, ಯಾವುದು ಇಟ್ಟುಕೊಳ್ಳಲಿ ಎಂದು ಕೇಳಿದ್ದ. ಅಂದು ಅಂಗಡಿ ತುಂಬ ಗಿರಾಕಿ. ಅವಳು ಒಂದು ಕೈಯಲ್ಲಿ ತಕ್ಕಡಿ, ಒಂದು ಕೈಯಲ್ಲಿ ಫೋನು ಹಿಡಿದು ನೋಡಿದ್ದಳು. ಹಸು, ಸೂರ್ಯಕಾಂತಿ, ಹಸಿರು ಎಲೆ. ಮೂರು ಲೇಬಲ್ಲು, ಮೂರು ಉತ್ತರ. ತುಪ್ಪ ಇಟ್ಕೋ, ಎಣ್ಣೆ ಇಟ್ಕೋ, ಎಲೆ ಚಿತ್ರದ್ದು ವನಸ್ಪತಿ, ಅದು ನಿನ್ನ ಎದೆಗೆ ಒಳ್ಳೇದಲ್ಲ, ತಿನ್ನಬೇಡ ಎಂದಿದ್ದಳು. ದಿನವಿಡೀ ಡಬ್ಬಗಳ ನಡುವೆ ಇರುವವಳು, ಲೇಬಲ್ಲಿನ ಆಚೆಗೆ ನೋಡಿರಲಿಲ್ಲ. ಅಂಗಡಿಯಲ್ಲಿ ಮುಚ್ಚಳ ತೆಗೆದು ನೋಡುವ ಪ್ರಶ್ನೆಯೇ ಇರುವುದಿಲ್ಲವಲ್ಲ.

ಅವಳು ಆ ಹಳೆಯ ಫೋಟೊ ಹುಡುಕಿ ತೆಗೆದಳು. ಅದೂ ಅದೇ ಹಳದಿ ಬಲ್ಬಿನ ಕೆಳಗಿನದು, ಮೂರು ಡಬ್ಬಗಳೂ ಅರಿಶಿನದಲ್ಲಿ ಅದ್ದಿದಂತೆ ಕಾಣುತ್ತಿದ್ದವು. ಈಗ ಪಕ್ಕದಲ್ಲಿ ಬಿಳಿ ಹಾಳೆ ಇಡಿಸುವಂತಿಲ್ಲ. ಆದರೆ ಪ್ರತಿ ಲೇಬಲ್ಲಿನ ಅಂಚಿಗೂ ಬಿಳಿ ಪಟ್ಟಿ ಇತ್ತು. ಬಲ್ಬು ಆ ಬಿಳಿಗೆ ಎಷ್ಟು ಹಳದಿ ಬಳಿದಿದೆಯೋ ಒಳಗಿನದಕ್ಕೂ ಅಷ್ಟೇ ಬಳಿದಿರಬೇಕು. ಅವಳು ಹಸುವಿನ ಡಬ್ಬವನ್ನು ದೊಡ್ಡದು ಮಾಡಿ ನೋಡಿದಳು. ಪಟ್ಟಿಯ ಬಣ್ಣ, ಒಳಗಿನ ಬಣ್ಣ, ಎರಡೂ ಒಂದೇ. ಅಂದರೆ ಒಳಗಿರುವುದು ಬಿಳಿ. ಎಲೆ ಚಿತ್ರದ ಡಬ್ಬಕ್ಕೆ ಬಂದಳು. ಪಟ್ಟಿಗಿಂತ ಒಳಗಿನದು ಎದ್ದು ಕಾಣುವಷ್ಟು ಹೆಚ್ಚು ಹಳದಿ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮತ್ತೆ ನೋಡಿದಳು. ಮೇಲೆಲ್ಲ ಸಣ್ಣ ರವೆಯಂಥ ಹರಳು. ಹರಳೊಂದನ್ನೇ ನಂಬುವಂತಿಲ್ಲ, ಕೆಲವು ವನಸ್ಪತಿಯನ್ನೂ ತುಪ್ಪದಂತೆ ಕಾಣಲೆಂದು ಹರಳು ಬರುವ ಹಾಗೆ ಮಾಡಿರುತ್ತಾರೆ. ಆದರೆ ಹರಳುಗಳ ನಡುವೆ ಅಲ್ಲಲ್ಲಿ ತೆಳು ಎಣ್ಣೆಯಂತೆ ಮಿನುಗುತ್ತಿತ್ತು. ಡಬ್ಬದ ಪ್ಲಾಸ್ಟಿಕ್ ತೆಳುವಾದದ್ದರಿಂದ ತಳದಲ್ಲಿ ಒಂದು ಕಂದು ಗೆರೆಯೂ ಹೊರಗಿನಿಂದಲೇ ತೋರುತ್ತಿತ್ತು. ಕಾರ್ಖಾನೆಯಲ್ಲಿ ಸೋಸಿ ತುಂಬಿದ್ದಕ್ಕೆ ಗಸಿ ಎಲ್ಲಿಂದ ಬರಬೇಕು? ಗಸಿ ಬರುವುದು ಮನೆಯಲ್ಲಿ ಕಾಸಿದ್ದಕ್ಕೆ.

ಆಗ ನೆನಪಾಯಿತು. ಹುಷಾರು ತಪ್ಪುವ ಸ್ವಲ್ಪ ಮುಂಚೆ ಅತ್ತಿಗೆ ಅಂಗಡಿಗೆ ಬಂದು ಒಂದು ವನಸ್ಪತಿ ಡಬ್ಬ ಕೇಳಿದ್ದರು. ಇದನ್ನ ಯಾವತ್ತೂ ತಗೊಳ್ಳೋರಲ್ಲ, ಈಗ ಯಾಕೆ ಎಂದರೆ, ಬಾಯಿಗೆ ಸೆರಗು ಹಿಡಿದು ನಕ್ಕು, "ನಿಮ್ಮಣ್ಣಂಗೆ ಬೆಕ್ಕಿನ ಬುದ್ಧಿ. ಬೆಕ್ಕಿಗೆ ಓದೋಕೆ ಬರುತ್ತೆ, ಅದೇ ತೊಂದ್ರೆ" ಎಂದಿದ್ದರು. ಆಗ ಅರ್ಥವಾಗಿರಲಿಲ್ಲ. ತುಪ್ಪವನ್ನು ವನಸ್ಪತಿ ಡಬ್ಬಕ್ಕೆ ಹಾಕಿ, ವನಸ್ಪತಿಯನ್ನು ತುಪ್ಪದ ಡಬ್ಬಕ್ಕೆ ಹಾಕಿಟ್ಟಿದ್ದರು. ಬೆಕ್ಕು ಬಂದು ಹಸುವಿನ ಡಬ್ಬ ತೆಗೆದು, ನೆಕ್ಕಿ, ಮುಖ ಸಿಂಡರಿಸಿಕೊಂಡು ಹೋಗಲಿ ಎಂದು. ಆಮೇಲೆ ಹೇಳಿ ನಗೋಣ ಎಂದುಕೊಂಡಿದ್ದರೋ ಏನೋ, ಆ ಆಮೇಲೆ ಬರಲೇ ಇಲ್ಲ.

"ಅಣ್ಣಾ, ಎಲೆ ಚಿತ್ರದ ಡಬ್ಬ ಎಲ್ಲಿ? ಅದರಲ್ಲಿರೋದೇ ಅತ್ತಿಗೆ ಕಾಸಿದ ತುಪ್ಪ."

ಆ ಕಡೆ ಚಮಚ ಕಟ್ಟೆಯ ಮೇಲೆ ಬಿದ್ದ ಸದ್ದು ಕೇಳಿಸಿತು.

"ಗ್ಯಾರೇಜಲ್ಲಿದೆ," ಎಂದ ಅಣ್ಣ. "ಕೈ ತೊಳೆಯೋಕೆ."

ಗ್ಯಾರೇಜಿನ ಕರಿ ಜಿಡ್ಡು ಬರೀ ಸೋಪಿಗೆ ಬಗ್ಗುವುದಿಲ್ಲ. ಮೊದಲು ಯಾವುದಾದರೂ ಕೊಬ್ಬನ್ನೋ ಎಣ್ಣೆಯನ್ನೋ ಕೈಗೆ ತಿಕ್ಕಿ ಜಿಡ್ಡನ್ನು ಸಡಿಲಿಸಿ, ಆಮೇಲೆ ಸೋಪು ಹಾಕಬೇಕು. ತಿನ್ನಬಾರದ ವನಸ್ಪತಿಯನ್ನು ಸುಮ್ಮನೆ ಎಸೆಯುವುದೇಕೆ ಎಂದು ಅಣ್ಣ ಅದನ್ನು ನಲ್ಲಿಯ ಪಕ್ಕ ಇಟ್ಟಿದ್ದ. ಹಸುವಿನ ಚಿತ್ರದ ಡಬ್ಬವನ್ನು ಮುಟ್ಟದೆ ಕಪಾಟಿನ ಮೇಲಿನ ಅಂತಸ್ತಿನಲ್ಲಿ ಜೋಪಾನ ಮಾಡಿದವನು, ಹೆಂಡತಿಯ ತುಪ್ಪದಲ್ಲಿ ದಿನಾ ಕೈ ತೊಳೆದಿದ್ದ.

ಅಂಗಡಿಯಕ್ಕ ಮೂಟೆಯನ್ನು ಅರ್ಧ ಬಿಚ್ಚಿದ ಹಾಗೇ ಬಿಟ್ಟು ಶೆಟರ್ ಎಳೆದಳು. ಉಪ್ಪಿಗೆ ಬಂದ ಗಿರಾಕಿಯೊಬ್ಬಳು, "ಏನಕ್ಕಾ, ಇಷ್ಟು ಹೊತ್ತಿಗೇ ಬಾಗಿಲಾ?" ಎಂದಳು. "ತುಪ್ಪ ಹುಡುಕ್ಕೊಂಡು ಹೋಗ್ತಿದ್ದೀನಿ" ಎಂದು ಹೇಳಿ ಇವಳು ನಡೆದೇಬಿಟ್ಟಳು. ಅಂಗಡಿಯವಳೇ ತುಪ್ಪ ಹುಡುಕಿಕೊಂಡು ಹೊರಟರೆ ಊರಿನ ಗತಿಯೇನು ಎಂದು ಆಕೆ ನಿಂತೇ ಇದ್ದಳು.

ಗ್ಯಾರೇಜು ಎರಡು ಬೀದಿಯಾಚೆ. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಲೆಕ್ಕ, ಎಷ್ಟು ಉಳಿದಿರಬಹುದು? ಅಲ್ಲಿ ಅಣ್ಣ ಅವಳಿಗಿಂತ ಮೊದಲೇ ಬಂದು, ನಲ್ಲಿಯ ಪಕ್ಕದ ತಣ್ಣನೆಯ ಸಿಮೆಂಟು ಕಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಡಬ್ಬ ಅವನ ಮುಂದಿತ್ತು. ಮುಟ್ಟಿರಲಿಲ್ಲ. ಬಹಳ ಕಾಲದಿಂದ ಅಲ್ಲೇ ಕೆಲಸ ಮಾಡುವ ವೆಲ್ಡರು, ಅಣ್ಣನಷ್ಟೇ ವಯಸ್ಸಿನವನು, ಏನಾಯಿತೆಂದು ತಿಳಿಯದೆ ಪಕ್ಕದಲ್ಲಿ ನಿಂತಿದ್ದ.

"ಯಜಮಾನ್ರು ಬಂದೋರೇ ಇದನ್ನ ಯಾರೂ ಮುಟ್ಟಬೇಡಿ ಅಂದ್ರು," ಎಂದ ವೆಲ್ಡರು ಅಂಗಡಿಯಕ್ಕನಿಗೆ. "ಒಳ್ಳೇ ಮಾಲು ಅಕ್ಕಾ ಅದು. ಕೈ ಬೆಣ್ಣೆಯಾಗುತ್ತೆ. ನನ್ನ ಹೆಂಡ್ತಿ ಕೂಡ ಕೇಳಿದ್ಲು, ಗ್ಯಾರೇಜಲ್ಲಿ ಅದೇನು ಹಚ್ಕೋತೀರಿ ಅಂತ."

ಅಂಗಡಿಯಕ್ಕನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವಳು ಅಣ್ಣನ ಪಕ್ಕ ಕೂತಳು. ಡಬ್ಬದ ಎಲೆ ಚಿತ್ರದ ಮೇಲೆಲ್ಲ ಕರಿ ಬೆರಳಿನ ಗುರುತು. ಒಳಗೂ ಅಷ್ಟೇ. ಎಲ್ಲರೂ ಕೈಗೆ ಸಿಕ್ಕ ಕಡೆಯಿಂದ ತೋಡಿ ತೋಡಿ, ಒಂದು ಬದಿ ಬಾವಿಯಂತೆ ಇಳಿದಿತ್ತು, ಅದರ ಗೋಡೆಯೆಲ್ಲ ಮಸಿ. ಇನ್ನೊಂದು ಬದಿಗೆ ಹೆಚ್ಚು ಬೆರಳು ಹೋಗಿರಲಿಲ್ಲ. ಮೇಲೆ ಧೂಳಿನ ಪದರ, ಅದರ ಕೆಳಗೆ ಪ್ಲಾಸ್ಟಿಕ್ಕಿನ ಹೊರಗಿನಿಂದಲೂ ಕಾಣುವ ಹಳದಿ.

"ನಂಗೆ ಗೊತ್ತಾಗ್ಬೇಕಿತ್ತು," ಎಂದ ಅಣ್ಣ.

"ನನಗೇ ಗೊತ್ತಾಗ್ಲಿಲ್ಲ. ನಿಂಗೆ ಹೇಗೆ ಗೊತ್ತಾಗ್ಬೇಕು?"

"ಅದಲ್ಲ." ಅವನು ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡ. "ಸಂಜೆ ಮನೆಗೆ ಹೋಗಿ ಕೂತ್ರೆ ಕೈಯಿಂದ ಅವಳ ಅಡುಗೆಮನೆ ವಾಸನೆ ಬರ್ತಿತ್ತು. ಸೋಪು ಹಾಕಿದ್ರೂ ಉಗುರಿನ ಸಂದೀಲಿ ಉಳ್ಕೋತಿತ್ತು. ಯಾರಿಗೂ ಹೇಳ್ಲಿಲ್ಲ, ತಲೆ ಕೆಟ್ಟಿದೆ ಅಂದ್ಕೋತಾರೆ ಅಂತ. ಹೆಂಡ್ತಿ ಸತ್ತವರಿಗೆಲ್ಲ ಹೀಗೇ ಆಗುತ್ತೇನೋ, ಇನ್ನು ಸ್ವಲ್ಪ ದಿನಕ್ಕೆ ಇದೂ ಹೋಗುತ್ತೆ ಅಂತಿದ್ದೆ. ಮಲಗುವಾಗ ಕೈ ಮುಖದ ಹತ್ರ ಇಟ್ಕೊಂಡು ಮಲಗ್ತಿದ್ದೆ."

ವೆಲ್ಡರು ಕೆಮ್ಮಿ, ಏನೋ ಕೆಲಸ ನೆನಪಾದವನಂತೆ ಲಾರಿಯ ಆ ಬದಿಗೆ ಹೋದ. ಅಂಗಡಿಯಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅತ್ತಿಗೆಯ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ತುಂಬಾ ಪ್ರೀತಿ ಬಂತು, ತುಂಬಾ ಸಿಟ್ಟೂ ಬಂತು.

"ಸರಿ, ಏಳು. ಒಂದು ಒಳ್ಳೇ ಚಮಚ ಬೇಕು, ಒಂದು ತೊಳೆದ ಬಟ್ಟಲು ಬೇಕು."

"ಕಾಸಿ ಸೋಸಿದ್ರೆ ಆಗಲ್ವಾ?"

"ಕಾಸಿದ್ರೆ ಮುಗೀತು. ನಿನ್ನ ಗ್ರೀಸೂ ಎಣ್ಣೇನೇ ಅಲ್ವಾ, ತುಪ್ಪದ ಜೊತೆ ಕರಗಿ ಒಂದಾಗಿಬಿಡುತ್ತೆ, ಬಟ್ಟೇಲಿ ನಿಲ್ಲಲ್ಲ. ಚಳಿಗೆ ಗಟ್ಟಿಯಾಗಿದೆಯಲ್ಲ, ಅದೇ ಪುಣ್ಯ. ಮೇಲಿಂದು, ಪಕ್ಕದ್ದು ದಪ್ಪಕ್ಕೆ ಹೆರೆದು ಎಸೆಯೋಣ. ಯಾರ ಬೆರಳೂ ಮುಟ್ಟದ್ದು ಮಾತ್ರ ತೆಗೆಯೋಣ."

ವೆಲ್ಡರು ತನ್ನ ಊಟದ ಡಬ್ಬಿಯ ಚಮಚವನ್ನೂ ಬಟ್ಟಲನ್ನೂ ತೊಳೆದು ತಂದುಕೊಟ್ಟ. ಅಣ್ಣ ತಾನೇ ಕೆಲಸಕ್ಕೆ ಕೂತ. ಡಬ್ಬವನ್ನು ಮೊಣಕಾಲಿನ ನಡುವೆ ಹಿಡಿದು, ಬೆಣ್ಣೆಯಲ್ಲಿ ಕೂದಲು ತೆಗೆಯುವವನಂತೆ ಹೆರೆಯತೊಡಗಿದ. ಧೂಳಿನ ಪದರ ಹೋಯಿತು. ಮಸಿ ಸೋಕಿದ ಗೋಡೆಯನ್ನು ದಪ್ಪಕ್ಕೆ ಕತ್ತರಿಸಿ ಎಸೆದ. ಎಸೆಯುವಾಗ ಪ್ರತಿ ಸಲವೂ ಅವನ ಕೈ ಒಂದು ಕ್ಷಣ ತಡೆಯುತ್ತಿತ್ತು. ಕೊನೆಗೆ ಒಳಗಿನಿಂದ ಹರಳು ಹರಳಾದ ಹಳದಿ ಬಂತು, ಅದನ್ನು ಚೂರು ಚೂರಾಗಿ ಬಟ್ಟಲಿಗೆ ಇಳಿಸಿದ. ತಳದ ಕಂದು ಗಸಿಯನ್ನೂ ಬಿಡಲಿಲ್ಲ. ಬಟ್ಟಲಿನ ಅರ್ಧದಷ್ಟಾಯಿತು.

ಅಂಗಡಿಯಕ್ಕ ಒಂದು ಹರಳನ್ನು ಅಂಗೈಗೆ ಹಾಕಿಕೊಂಡಳು. ಉಜ್ಜುವ ಅಗತ್ಯವೇ ಬೀಳಲಿಲ್ಲ, ಮೈಯ ಬಿಸಿಗೇ ಕರಗಿ ಹರಿಯಿತು. ಅತ್ತಿಗೆಯ ಅಡುಗೆಮನೆ, ಕಿಟಕಿಯ ಪಕ್ಕದ ಒಲೆ, ಒಲೆಯ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತ ಅತ್ತಿಗೆ, ಎಲ್ಲವೂ ಆ ಅಂಗೈಯಿಂದ ಎದ್ದು ಬಂದವು. "ಅವರದೇ ಅಣ್ಣಾ," ಎಂದಳು.

ಅಣ್ಣ ಚಮಚದ ತುದಿಯಲ್ಲಿ ಸ್ವಲ್ಪ ಎತ್ತಿಕೊಂಡು ಬಾಯಿಗಿಟ್ಟ. ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನಲ್ಲೇ ಅವನ ಹುಬ್ಬು ಸ್ವಲ್ಪ ಗಂಟಾಯಿತು. ಅಂಗಡಿಯಕ್ಕ ಅದನ್ನು ಕಂಡು ತಾನೂ ಚಮಚ ತೆಗೆದುಕೊಂಡಳು. ನಾಲಿಗೆಯ ಮೇಲೆ ಮೊದಲು ತುಪ್ಪ ಹರಡಿತು, ಅದರ ಹಿಂದಿನಿಂದ ಸಣ್ಣದೊಂದು ಕಹಿ ಬಂತು. ಅವಳು ಬಟ್ಟಲಿನ ಗಸಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಹೊಂಬಣ್ಣವಲ್ಲ, ಕಡುಗಂದು, ಅಂಚಿನಲ್ಲಿ ಕಪ್ಪು. ಫೋಟೊದಲ್ಲಿ ಆ ಗೆರೆಯನ್ನು ಅವಳು ನೋಡಿದ್ದಳು, ನೋಡಿ ಸಂತೋಷಪಟ್ಟಿದ್ದಳು. ಅದು ಎಷ್ಟು ಕಂದು ಎಂದು ಬಲ್ಬಿನ ಬೆಳಕು ಹೇಳಿರಲಿಲ್ಲ.

"ಸೀದಿದೆ," ಎಂದ ಅಣ್ಣ.

ಅಂಗಡಿಯಕ್ಕ ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು.

"ಅವಳು ಯಾವತ್ತೂ ತುಪ್ಪ ಸೀಯಿಸಿದವಳಲ್ಲ."

"ಇಲ್ಲ."

"ನಿಂತ್ಕೊಳ್ಳೋಕಾಗಿಲ್ಲ ಕಣೇ ಅವಳಿಗೆ. ಅವತ್ತು ಕಾಸ್ತಾ ಕಾಸ್ತಾ ಎಲ್ಲೋ ಹೋಗಿ ಕೂತಿದಾಳೆ. ಮತ್ತೆ ಎದ್ದು ಬಂದು ಇಳಿಸೋ ಹೊತ್ತಿಗೆ ಸೀದಿದೆ." ಅವನು ಬಟ್ಟಲನ್ನೇ ನೋಡುತ್ತಿದ್ದ. "ಯಾರನ್ನೂ ಕರೀಲಿಲ್ಲ. ನಂಗೂ ವಾಸನೆ ಬಂದಿತ್ತು. ಹಾಲ್‌ನಲ್ಲಿ ಪೇಪರ್ ಓದ್ತಾ ಕೂತಿದ್ದೆ. ಏನೋ ಸೀದ ಹಾಗಿದೆ ನೋಡೇ ಅಂತ ಕೂತಲ್ಲಿಂದಾನೇ ಕೂಗಿದೆ. ನೋಡ್ತೀನಿ ರೀ ಅಂದ್ಲು."

ಲಾರಿಯ ಆಚೆ ಬದಿಯಲ್ಲಿ ವೆಲ್ಡಿಂಗಿನ ಸದ್ದು ನಿಂತಿತು. ಅಂಗಡಿಯಕ್ಕನಿಗೆ ಏನಾದರೂ ಹೇಳಬೇಕೆನ್ನಿಸಿತು. ಅಂಗಡಿಗೆ ಬಂದ ದಿನ ಅತ್ತಿಗೆ ನಗುತ್ತಿದ್ದರು, ಏನೂ ಆಗಿಲ್ಲದವರ ಹಾಗೆ ಇದ್ದರು ಎಂದು ಹೇಳಬೇಕೆಂದುಕೊಂಡಳು. ಬದಲಿಗೆ ಅಣ್ಣನ ಬೆನ್ನ ಮೇಲೆ ಕೈಯಿಟ್ಟು ಕೂತಳು.

ಎಷ್ಟೋ ಹೊತ್ತಿನ ಮೇಲೆ ಅವನು ತೋಳಿನಿಂದ ಮೂಗು ಒರೆಸಿಕೊಂಡು, ಚಮಚವನ್ನು ಬಟ್ಟಲಿನ ತಳಕ್ಕೆ ಹಾಕಿ, ಬೇಕೆಂದೇ ಆ ಕಪ್ಪು ಗಸಿಯನ್ನು ತುಂಬಿಕೊಂಡ. ಬಾಯಿಗಿಟ್ಟು ನಿಧಾನವಾಗಿ ಅಗಿದ. ಅಂಗಡಿಯಕ್ಕ ಬೇಡ ಎನ್ನಲಿಲ್ಲ.